ಆ 95% ಯಾರ ಲೆಕ್ಕ, ಕೇಳು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕೋರ್ಸಿನ ವಿವರ ಎರಡು ಸಲ ಓದಿದೆ. ‘95% ಪ್ಲೇಸ್‌ಮೆಂಟ್, ಕೆಲಸ ಸಿಗದಿದ್ದರೆ ಹಣ ವಾಪಸ್’ ಅಂತ ದಪ್ಪ ಅಕ್ಷರದಲ್ಲಿದೆ. ನಾಳೆಯೊಳಗೆ ಕಟ್ಟಿದರೆ ರಿಯಾಯಿತಿಯಂತೆ. ನಾಳೆ ಕಟ್ಟಬೇಡ. ರಿಯಾಯಿತಿ ಹೋದರೆ ಹೋಗಲಿ.

ಮೊದಲು ಆ 95% ಎಷ್ಟು ಜನರ ಲೆಕ್ಕ ಅಂತ ಕೇಳು. ಬ್ಯಾಚಿಗೆ 200 ಜನ ಸೇರಿದರು ಅಂದುಕೋ. ಕೊನೆವರೆಗೆ ಉಳಿದವರು 120. ಹಾಜರಾತಿ, ಪರೀಕ್ಷೆ, ಪ್ರಾಜೆಕ್ಟ್ ಎಲ್ಲ ದಾಟಿ ‘ಅರ್ಹರು’ ಅನ್ನಿಸಿಕೊಂಡವರು 60. ಅವರಲ್ಲಿ 57 ಜನಕ್ಕೆ ಕೆಲಸ ಸಿಕ್ಕಿತು. 60ರಲ್ಲಿ 57 ಅಂದರೆ 95%, ಲೆಕ್ಕ ಸರಿಯಾಗೇ ಇದೆ. ಆದರೆ ಹಣ ಕಟ್ಟಿದವರು 200 ಜನ ಅಲ್ವಾ? ಆ ಲೆಕ್ಕದಲ್ಲಿ ನೂರಕ್ಕೆ 29 ಜನವೂ ಆಗಲ್ಲ. ಆ 57ರಲ್ಲೂ ಮೂರು ತಿಂಗಳ ಇಂಟರ್ನ್‌ಶಿಪ್ ಎಷ್ಟು, ತಾವೇ ಹುಡುಕಿಕೊಂಡ ಕೆಲಸ ಎಷ್ಟು, ಕೋರ್ಸಿಗೆ ಸಂಬಂಧವೇ ಇಲ್ಲದ ಕೆಲಸ ಎಷ್ಟು ಅಂತ ಬಿಡಿಸಿ ಕೇಳು.

ಹಣ ವಾಪಸ್ ಅನ್ನೋ ಮಾತಿಗೆ ಬೆಲೆ ಬರುವುದು ಅಗ್ರಿಮೆಂಟಿನಲ್ಲಿ, ಜಾಹೀರಾತಿನಲ್ಲಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗ ಹೀಗೇ ಸೇರಿದ್ದ. ಒಂದೂ ಕ್ಲಾಸ್ ತಪ್ಪಿಸಿರಲಿಲ್ಲ. ಕೊನೆಗೆ ಬಂದ ಒಂದೇ ಆಫರ್ ಅವನು ಕಲಿತದ್ದಕ್ಕೆ ಸಂಬಂಧವಿಲ್ಲದ್ದು, ರಾತ್ರಿ ಪಾಳಿ ಬೇರೆ. ಬೇಡ ಅಂದ. ‘ಯಾವುದೇ ಆಫರ್ ನಿರಾಕರಿಸಿದರೆ ಗ್ಯಾರಂಟಿ ರದ್ದು’ ಅನ್ನೋ ಸಾಲಿಗೆ ಅವನು ಮೊದಲೇ ಸಹಿ ಹಾಕಿಬಿಟ್ಟಿದ್ದ. ಹಣ ಬರಲಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಕಟ್ಟುವ ಮೊದಲೇ ಪೂರ್ತಿ ಅಗ್ರಿಮೆಂಟ್ ಕೇಳಿ ತರಿಸಿಕೋ. ‘ಸೇರಿದ ಮೇಲೆ ಕೊಡ್ತೀವಿ’ ಅಂದರೆ ಅಲ್ಲಿಗೇ ಬಿಟ್ಟುಬಿಡು.

ಕಂತಿನಲ್ಲಿ ಕಟ್ಟಬಹುದು ಅಂದಿದ್ದಾರೆ. ಅದು ಅವರೇ ಕೊಡುವ ಕಂತೋ, ಬೇರೆ ಕಂಪನಿಯಿಂದ ನಿನ್ನ ಹೆಸರಲ್ಲಿ ತೆಗೆಯುವ ಸಾಲವೋ ನೋಡು. ಸಾಲವಾದರೆ ಸಂಸ್ಥೆಗೆ ಸಾಮಾನ್ಯವಾಗಿ ಶುರುವಿನಲ್ಲೇ ಹಣ ಸೇರಿಬಿಡುತ್ತೆ. ನೀನು ನಡುವೆ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಇನ್ನು ಸರ್ಟಿಫಿಕೇಟ್. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ನಿನಗೆ ಬೇಕಾದ ಹುದ್ದೆಯ 30 ಜಾಹೀರಾತು ತೆಗೆದುಕೊಂಡು ಕೂತುಕೋ. ಈ ಸರ್ಟಿಫಿಕೇಟಿನ ಹೆಸರು ಎಷ್ಟರಲ್ಲಿದೆ ಅಂತ ಗೀಟು ಹಾಕುತ್ತಾ ಎಣಿಸು. ಒಂದೆರಡರಲ್ಲಿ ಮಾತ್ರ ಇದ್ದು, ಉಳಿದವರೆಲ್ಲ ‘ಮಾಡಿದ ಕೆಲಸ ತೋರಿಸಿ’ ಅಂತಿದ್ದರೆ, ಆ ಹಣ ಕಾಗದಕ್ಕೆ ಹೋದ ಹಾಗೆ. ಅದೇ ಅರ್ಧಕ್ಕಿಂತ ಜಾಸ್ತಿ ಜಾಹೀರಾತಿನಲ್ಲಿ ಕಂಡರೆ ಯೋಚಿಸಬಹುದು. ಆಗಲೂ ಬರೀ ಪರೀಕ್ಷೆ ಶುಲ್ಕ ಕಟ್ಟಿ ನೀನೇ ಓದಿ ಬರೆಯೋಕಾಗುತ್ತಾ ನೋಡು, ಎಷ್ಟೋ ಪರೀಕ್ಷೆಗೆ ಕೋರ್ಸ್ ಕಡ್ಡಾಯವಲ್ಲ.

ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡು, ಆದರೆ ಸಂಸ್ಥೆಯವರು ಕೊಟ್ಟ ನಂಬರಿಗೆ ಬೇಡ. ಲಿಂಕ್ಡ್‌ಇನ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ ನೀನೇ ಹುಡುಕು. ಒಂದು ವರ್ಷದ ಹಿಂದೆ ಮುಗಿಸಿದ ನಾಲ್ಕೈದು ಜನಕ್ಕೆ ಬರೆದರೆ ಒಬ್ಬಿಬ್ಬರಾದರೂ ಉತ್ತರಿಸುತ್ತಾರೆ.

ಅಗ್ರಿಮೆಂಟ್ ಬಂದ ಕೂಡಲೇ ನನಗೂ ಕಳಿಸು. ರಾತ್ರಿ ಫೋನಿನಲ್ಲಿ ಇಬ್ಬರೂ ಸೇರಿ ಒಂದೊಂದು ಸಾಲೂ ಓದೋಣ.

ನಿನ್ನ ಅಮ್ಮ