ವಿಷಯ: ಸಿಎಸ್‌ವಿ ಆರ್ಡರ್ ಆಮದಿನಲ್ಲಿ ತಪ್ಪು ಸಾಲಿನ ಸಂಖ್ಯೆ ಮತ್ತು ಎರಡೆರಡು ಬಾರಿ ದಾಖಲಾದ ಆರ್ಡರ್‌ಗಳು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಪೋರ್ಟಲ್‌ಗೆ ನಾವು 240 ಆರ್ಡರ್‌ಗಳಿದ್ದ ಸಿಎಸ್‌ವಿ ಫೈಲ್ ಅಪ್‌ಲೋಡ್ ಮಾಡಿದೆವು. ಪರದೆಯ ಮೇಲೆ `Import failed` ಎಂದು ಬಂತು. ಅದರೊಂದಿಗೆ ಸಿಕ್ಕ ದೋಷ ವರದಿಯಲ್ಲಿ ಆರು ಸಾಲುಗಳಿದ್ದವು. ಮೊದಲನೆಯದು ಹೀಗಿತ್ತು:

```
Row 57: invalid value
```

ಯಾವ ಕಾಲಂ, ಯಾವ ಮೌಲ್ಯ ಎಂಬುದು ಅದರಲ್ಲಿಲ್ಲ. ಎಕ್ಸೆಲ್‌ನಲ್ಲಿ 57ನೇ ಸಾಲನ್ನು ತೆರೆದು ನೋಡಿದರೆ ಅಲ್ಲಿ ಯಾವ ದೋಷವೂ ಇರಲಿಲ್ಲ. ನಿಜವಾದ ದೋಷ ಇದ್ದದ್ದು 54ನೇ ಸಾಲಿನಲ್ಲಿ:

```
"PO-1053","SKU-00417","1,200","ಮೊದಲ ಮಹಡಿ
ಹಿಂದಿನ ಕಟ್ಟಡ"
```

ಪ್ರಮಾಣದ ಕಾಲಂನಲ್ಲಿರುವ ಅಲ್ಪವಿರಾಮವನ್ನು ನಿಮ್ಮ ವ್ಯವಸ್ಥೆ ಒಪ್ಪಿಲ್ಲ. ಅದಕ್ಕೆ ನಮ್ಮ ತಕರಾರಿಲ್ಲ, `1200` ಎಂದು ಬರೆದು ಕಳಿಸಬಹುದು. ಆದರೆ ಮೂರು ಸಾಲುಗಳ ವ್ಯತ್ಯಾಸ ಎಲ್ಲಿಂದ ಬಂತು? ಈ ಆರ್ಡರ್‌ಗಿಂತ ಮೊದಲು ಮೂರು ವಿಳಾಸಗಳು ಎರಡೆರಡು ಸಾಲಿನಲ್ಲಿವೆ. ಉದ್ಧರಣ ಚಿಹ್ನೆಗಳ ಒಳಗೆ ಸಾಲು ಮುರಿಯುವುದಕ್ಕೆ ಸಿಎಸ್‌ವಿ ರೂಪವನ್ನು ವಿವರಿಸುವ 2005ರ ಆರ್‌ಎಫ್‌ಸಿ 4180ರಲ್ಲಿಯೇ ಅವಕಾಶವಿದೆ. ನಿಮ್ಮ ವ್ಯವಸ್ಥೆಯೂ ಆ ವಿಳಾಸಗಳನ್ನು ಸರಿಯಾಗಿಯೇ ಓದಿಕೊಂಡಿದೆ. ವರದಿ ಬರೆಯುವಾಗ ಮಾತ್ರ ಆರ್ಡರ್‌ಗಳನ್ನು ಬಿಟ್ಟು ಫೈಲಿನ ಭೌತಿಕ ಸಾಲುಗಳನ್ನು ಎಣಿಸಿದೆ. ಹೀಗಾಗಿ ಫೈಲಿನಲ್ಲಿ ಕೆಳಗಿಳಿದಂತೆ, ಇಂಥ ವಿಳಾಸ ಸಿಕ್ಕಾಗಲೆಲ್ಲ ತಪ್ಪು ಬೆಳೆಯುತ್ತಾ ಹೋಗುತ್ತದೆ. ಒಂದು ನಿಗದಿತ ಸಂಖ್ಯೆಯನ್ನು ಕಳೆದು ಸರಿಪಡಿಸಿಕೊಳ್ಳಲು ಕೂಡ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಮುಂದೆ ಆಯಿತು. ಆಮದು ವಿಫಲವಾಗಿದೆ ಎಂದು ನಿಮ್ಮ ಪರದೆಯೇ ಹೇಳಿದ್ದರಿಂದ, ಆರೂ ಸಾಲುಗಳನ್ನು ತಿದ್ದಿ ಇಡೀ ಫೈಲನ್ನು ಮತ್ತೆ ಕಳಿಸಿದೆವು. ವಾಸ್ತವವಾಗಿ ಮೊದಲ ಸಲವೇ 234 ಆರ್ಡರ್‌ಗಳು ದಾಖಲಾಗಿದ್ದವು. ಅವೆಲ್ಲವೂ ಈಗ ಎರಡೆರಡು ಬಾರಿ ಇವೆ. ಪ್ರತಿ ಸಾಲಿನಲ್ಲೂ ನಮ್ಮ ಆರ್ಡರ್ ಸಂಖ್ಯೆ ಇದೆ. `PO-1001` ಎರಡನೇ ಬಾರಿ ಬಂದಾಗ ಅದನ್ನು ತಡೆಯಲು ಆ ಒಂದು ಕಾಲಂ ಸಾಕಾಗಿತ್ತು. ನಿಮ್ಮ ವ್ಯವಸ್ಥೆ ಅದನ್ನು ಹೋಲಿಸಿ ನೋಡಲೇ ಇಲ್ಲ ಎಂಬುದು ನಮಗೆ ತೀವ್ರ ಬೇಸರ ತಂದಿದೆ.

ಮೊದಲು, ಎರಡನೇ ಬಾರಿ ದಾಖಲಾದ 234 ಆರ್ಡರ್‌ಗಳನ್ನು ರವಾನೆಗೆ ಮುನ್ನ ಶುಲ್ಕವಿಲ್ಲದೆ ರದ್ದುಪಡಿಸಿ. `PO-1053` ಸೇರಿದಂತೆ ತಿದ್ದಿ ಕಳಿಸಿದ ಆರು ಆರ್ಡರ್‌ಗಳು ಒಂದೊಂದೇ ಇವೆ, ದಯವಿಟ್ಟು ಅವನ್ನು ಮುಟ್ಟಬೇಡಿ.

ಮುಂದಿನ ಆಮದುಗಳಿಗೆ ನಾವು ಕೇಳುವುದು ಹೆಚ್ಚೇನಲ್ಲ. ತಿರಸ್ಕೃತವಾದ ಸಾಲುಗಳನ್ನಷ್ಟೇ, ನಾವು ಕಳಿಸಿದ ಕಾಲಂಗಳ ಸಮೇತ, ಇನ್ನೊಂದು ಸಿಎಸ್‌ವಿ ಫೈಲಾಗಿ ಹಿಂದಿರುಗಿಸಿ. ಕೊನೆಯಲ್ಲಿ ಒಂದು ಕಾಲಂ ಸೇರಿಸಿ, ಅದರಲ್ಲಿ ಹೀಗೆ ಬರೆಯಿರಿ:

```
quantity: "1,200" - digits only
```

ಆಗ ಸಾಲಿನ ಸಂಖ್ಯೆಯನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಅದೇ ಫೈಲಿನಲ್ಲಿ ತಿದ್ದಿ ಅದನ್ನೇ ಮರಳಿ ಕಳಿಸಬಹುದು. ಎಷ್ಟು ಆರ್ಡರ್‌ಗಳು ದಾಖಲಾದವು, ಎಷ್ಟು ಉಳಿದವು ಎಂಬುದೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು.

ಎರಡೂ ಫೈಲ್‌ಗಳನ್ನು ಮತ್ತು ದೋಷ ವರದಿಯನ್ನು ಲಗತ್ತಿಸಿದ್ದೇವೆ. ಆರ್ಡರ್‌ಗಳು ರದ್ದಾದ ಬಗ್ಗೆ ಲಿಖಿತ ಉತ್ತರ ಬರುವವರೆಗೆ ಹೊಸ ಫೈಲ್ ಅಪ್‌ಲೋಡ್ ಮಾಡುವುದಿಲ್ಲ.

ಇಂತಿ,
ಖರೀದಿ ವಿಭಾಗದ ಪರವಾಗಿ