62 ದೊಡ್ಡದೋ 74 ದೊಡ್ಡದೋ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಸರ್, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವಳು. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕೊಟ್ಟ ಮರುದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಪ್ಪನನ್ನು ಕರೆದುಕೊಂಡು ಬಂದಿದ್ದಳು. "ಮೇಡಂ, ಇವಳಿಗೆ ಲೆಕ್ಕ ಹತ್ತೋದಿಲ್ಲ ಅಂತ ಕಾಣುತ್ತೆ. ಸಮಾಜದಲ್ಲಿ 74 ಬಂದಿದೆ, ಗಣಿತದಲ್ಲಿ ಬರೀ 62. ಪಿಯುಸಿಗೆ ಸೈನ್ಸ್ ಬೇಡ ಅಂದುಕೊಂಡಿದ್ದೀವಿ" ಅಂದರು ಆ ತಂದೆ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ಅವರದ್ದು ತಪ್ಪಲ್ಲ. ಅವರ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಇದ್ದದ್ದು ಅವಳ ಅಂಕಗಳು ಮಾತ್ರ. 62ಕ್ಕಿಂತ 74 ದೊಡ್ಡದು, ಅಷ್ಟೇ. ಆದರೆ ಇಡೀ ತರಗತಿಯ ಅಂಕ ನನ್ನ ಮುಂದಿತ್ತು. ಗಣಿತದ ಪ್ರಶ್ನೆಪತ್ರಿಕೆ ಆ ಸಲ ಕಷ್ಟವಾಗಿತ್ತು, ತರಗತಿಯ ಸರಾಸರಿ 50. ಸಮಾಜ ವಿಜ್ಞಾನದ ಸರಾಸರಿ 70. ಅಂದರೆ ಗಣಿತದಲ್ಲಿ ಅವಳು ಸರಾಸರಿಗಿಂತ 12 ಅಂಕ ಮೇಲೆ, ಸಮಾಜದಲ್ಲಿ 4 ಅಂಕ ಮಾತ್ರ ಮೇಲೆ.

ಇಲ್ಲಿಗೇ ನಿಲ್ಲಿಸುವಂತಿಲ್ಲ. ವಿಜ್ಞಾನದಲ್ಲಿ ಅವಳಿಗೆ 70, ತರಗತಿಯ ಸರಾಸರಿ 58. ಅಲ್ಲೂ 12 ಅಂಕ ಮೇಲೆ. ಹಾಗಾದರೆ ಗಣಿತ, ವಿಜ್ಞಾನ ಎರಡರಲ್ಲೂ ಅವಳು ಒಂದೇ ಮಟ್ಟದಲ್ಲಿದ್ದಾಳೆಯೇ? ಇಲ್ಲ. ವಿಜ್ಞಾನದಲ್ಲಿ ಮಕ್ಕಳ ಅಂಕ ತುಂಬಾ ಹರಡಿಕೊಂಡಿತ್ತು. ಮೂವತ್ತರ ಆಸುಪಾಸಿನವರೂ ಇದ್ದರು, ಎಂಬತ್ತು ದಾಟಿದವರೂ ಇದ್ದರು. ಅಂಥ ಕಡೆ 12 ಅಂಕ ಮುಂದಿರುವುದು ದೊಡ್ಡ ವಿಷಯವಲ್ಲ. ಗಣಿತದಲ್ಲಿ ಹೆಚ್ಚಿನವರು 50ರ ಹತ್ತಿರವೇ ಗುಂಪಾಗಿದ್ದರು. ಆ ಗುಂಪಿನಿಂದ 12 ಅಂಕ ಮುಂದೆ ಬರುವುದು ಸುಲಭವಲ್ಲ.

ಈ ಹರಡುವಿಕೆಯನ್ನು ಅಳೆಯುವುದೇ ಮಾನಕ ವಿಚಲನೆ. ಮೊದಲ ಪಿಯುಸಿ ಗಣಿತದಲ್ಲಿ ಮಕ್ಕಳೇ ಇದನ್ನು ಕಲಿಯುತ್ತಾರೆ. ಐದು ಅಂಕ ತೆಗೆದುಕೊಳ್ಳೋಣ: 38, 46, 50, 54, 62. ಸರಾಸರಿ 50. ಪ್ರತಿ ಅಂಕ ಅದರಿಂದ ಎಷ್ಟು ದೂರ ಅಂತ ನೋಡಿದರೆ 12, 4, 0, 4, 12. ಇವನ್ನು ವರ್ಗ ಮಾಡಿ ಕೂಡಿಸಿದರೆ 320. ಐದರಿಂದ ಭಾಗಿಸಿದರೆ 64. ಅದರ ವರ್ಗಮೂಲ 8. ಅಷ್ಟೇ ಲೆಕ್ಕ.

ನಮ್ಮ ತರಗತಿಯಲ್ಲೂ ಗಣಿತದ ಮಾನಕ ವಿಚಲನೆ 8 ಇತ್ತು. ವಿಜ್ಞಾನದ್ದು 16, ಸಮಾಜದ್ದು 10. ಇನ್ನು ಒಂದೇ ಹೆಜ್ಜೆ. ಮಗು ಸರಾಸರಿಯಿಂದ ಎಷ್ಟು ಅಂಕ ದೂರ ಇದೆಯೋ ಅದನ್ನು ಆ ವಿಷಯದ ಮಾನಕ ವಿಚಲನೆಯಿಂದ ಭಾಗಿಸಬೇಕು. ಗಣಿತ: 12 ಭಾಗಿಸು 8, ಅಂದರೆ 1.5. ವಿಜ್ಞಾನ: 12 ಭಾಗಿಸು 16, ಅಂದರೆ 0.75. ಸಮಾಜ: 4 ಭಾಗಿಸು 10, ಅಂದರೆ 0.4. ಇದನ್ನು ಝಡ್ ಅಂಕ ಅನ್ನುತ್ತಾರೆ. ಸರಾಸರಿಯಲ್ಲೇ ಇರುವ ಮಗುವಿಗೆ ಇದು ಸೊನ್ನೆ, ಕೆಳಗಿದ್ದರೆ ಋಣ ಸಂಖ್ಯೆ.

ನೋಡಿ ಸರ್, ಅಂಕಪಟ್ಟಿಯ ಪ್ರಕಾರ ಈ ಮೂರರಲ್ಲಿ ಅವಳ ಅತಿ ದುರ್ಬಲ ವಿಷಯ ಗಣಿತ. ಸಹಪಾಠಿಗಳ ಜೊತೆ ಇಟ್ಟು ನೋಡಿದರೆ ಅದೇ ಅವಳ ಅತಿ ಗಟ್ಟಿ ವಿಷಯ. ಕ್ರಮ ಪೂರ್ತಿ ತಲೆಕೆಳಗಾಯಿತು. ಆ ತಂದೆಗೆ ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಎಲ್ಲ ಮಕ್ಕಳ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೀಗೆ ತೋರಿಸಲು ಯಾರಿಂದ ಆಗುತ್ತದೆ ಹೇಳಿ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಚಿಕ್ಕದು. ಶಾಲೆಯ ಪರೀಕ್ಷೆಯ ಅಂಕಪಟ್ಟಿಯಲ್ಲಿ ಮಗುವಿನ ಅಂಕದ ಪಕ್ಕ ಮೂರು ಸಂಗತಿ ಇರಲಿ: ಪರೀಕ್ಷೆ ಬರೆದವರು ಎಷ್ಟು ಮಂದಿ, ತರಗತಿಯ ಸರಾಸರಿ ಎಷ್ಟು, ಮಾನಕ ವಿಚಲನೆ ಎಷ್ಟು. ಅದರ ಕೆಳಗೆ ಝಡ್ ಅಂಕ. ಅಂಕಗಳನ್ನು ನಾವು ಹೇಗೂ ಕಂಪ್ಯೂಟರಿಗೆ ತುಂಬುತ್ತೇವೆ. C ಕಾಲಂನಲ್ಲಿ 40 ಮಕ್ಕಳ ಅಂಕ ಇದ್ದರೆ ಒಂದು ಸಾಲು ಸಾಕು:

```
=(C2-AVERAGE(C$2:C$41))/STDEV.P(C$2:C$41)
```

ಆದರೆ ಸುತ್ತೋಲೆ ಹೊರಡಿಸುವ ಮೊದಲು ಒಂದು ವಿಷಯ ಗಮನಿಸಬೇಕು. ಈ ಲೆಕ್ಕ ಎಲ್ಲಿ ಕೆಡುತ್ತದೆ ಅಂತ ನಾನೇ ಅನುಭವಿಸಿದ್ದೇನೆ. ನಮ್ಮ ತರಗತಿಯಲ್ಲಿ 40 ಮಕ್ಕಳು. ಗಣಿತ ಪರೀಕ್ಷೆಯ ದಿನ ಇಬ್ಬರು ಬಂದಿರಲಿಲ್ಲ. ಮೊದಲ ಸಲ ಪಟ್ಟಿ ಮಾಡಿದಾಗ ಅವರಿಗೆ ಸೊನ್ನೆ ಹಾಕಲಾಗಿತ್ತು. ಎರಡೇ ಸೊನ್ನೆ. ಆದರೂ ಸರಾಸರಿ 50ರಿಂದ 47.5ಕ್ಕೆ ಇಳಿಯಿತು, ಮಾನಕ ವಿಚಲನೆ 8ರಿಂದ 13.4ಕ್ಕೆ ಏರಿತು. ಆ ಹುಡುಗಿಯ 1.5 ಹೋಗಿ ಸುಮಾರು 1.1 ಆಯಿತು. ಅವಳ ಉತ್ತರಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ! ಗೈರುಹಾಜರಾದವರ ಜಾಗದಲ್ಲಿ ಸೊನ್ನೆ ಬದಲು AB ಅಂತ ಬರೆದರೆ ಸರಾಸರಿ, ವಿಚಲನೆ ಎರಡೂ ಅವರನ್ನು ಬಿಟ್ಟೇ ಲೆಕ್ಕ ಹಾಕುತ್ತವೆ. ಸುಮ್ನೆ ಖಾಲಿ ಬಿಡುವುದೂ ಬೇಡ. ಆ ಮಗುವಿನ ಸಾಲಿನಲ್ಲಿ ಕಂಪ್ಯೂಟರ್ ಖಾಲಿಯನ್ನು ಸೊನ್ನೆ ಅಂದುಕೊಂಡು, ಬರೆಯದ ಪರೀಕ್ಷೆಗೂ ಒಂದು ಝಡ್ ಅಂಕ ಕೊಟ್ಟುಬಿಡುತ್ತದೆ.

ಇನ್ನೊಂದು ಕಡೆಯೂ ಎಡವುತ್ತೇವೆ. ಆಂತರಿಕ ಮೌಲ್ಯಮಾಪನದ 20ರಲ್ಲಿ ಎಷ್ಟೋ ಸಲ ಬಹುತೇಕ ಎಲ್ಲರಿಗೂ 19, 20 ಬಂದಿರುತ್ತದೆ. ಸರಾಸರಿ 19.2, ಮಾನಕ ವಿಚಲನೆ 0.6 ಅಂತ ಇಟ್ಟುಕೊಳ್ಳಿ. 18 ಪಡೆದ ಮಗುವಿನ ಝಡ್ ಅಂಕ ಮೈನಸ್ 2 ಆಗುತ್ತದೆ. ಮಗು ಸರಾಸರಿಗಿಂತ ಹಿಂದಿರುವುದು ಒಂದು ಚಿಲ್ಲರೆ ಅಂಕ, ಕಾಗದದ ಮೇಲೆ ಮಾತ್ರ ತರಗತಿಯಲ್ಲೇ ತೀರಾ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಅಂಕಗಳೆಲ್ಲ ಮೇಲ್ತುದಿಯಲ್ಲೇ ಒತ್ತಿಕೊಂಡಿದ್ದರೆ ಆ ವಿಷಯಕ್ಕೆ ಝಡ್ ಅಂಕ ಕೊಡಲೇಬಾರದು. ಏಳೆಂಟು ಮಕ್ಕಳಿರುವ ತರಗತಿಗೂ ಬೇಡ. ಅಲ್ಲಿ ಒಬ್ಬ ಮಗು ಜ್ವರದಲ್ಲಿ ಬರೆದರೂ ಸಾಕು, ಎಲ್ಲರ ಸಂಖ್ಯೆ ಅಲುಗಾಡುತ್ತದೆ.

ಪಾಸು ಫೇಲಿಗೂ ದಯವಿಟ್ಟು ಇದನ್ನು ತರಬೇಡಿ. ಇಡೀ ತರಗತಿಗೇ ಲೆಕ್ಕ ಬರದಿದ್ದರೆ 30 ಅಂಕದ ಮಗುವಿಗೂ ಒಳ್ಳೆಯ ಝಡ್ ಅಂಕ ಸಿಗಬಹುದು. ಅದರಿಂದ ಆ ಮಗುವಿಗೆ ಲೆಕ್ಕ ಬಂದಂತಾಗಲಿಲ್ಲ, ಅಲ್ವಾ? ಮಗು ಎಷ್ಟು ಕಲಿತಿದೆ ಅನ್ನುವುದನ್ನು ಅದರ ಸ್ವಂತ ಅಂಕವೇ ಹೇಳಬೇಕು. ಶಾಲೆ ಶಾಲೆಗಳನ್ನು ಹೋಲಿಸಲೂ ಇದು ಬರುವುದಿಲ್ಲ. ಯಾವ ತರಗತಿಯನ್ನೇ ತೆಗೆದುಕೊಳ್ಳಿ, ಅದರ ಮಕ್ಕಳ ಝಡ್ ಅಂಕಗಳ ಸರಾಸರಿ ಯಾವಾಗಲೂ ಸೊನ್ನೆಯೇ. ಶಿಕ್ಷಕರ ಕೆಲಸ ಅಳೆಯಲು ಯಾರಾದರೂ ಇದನ್ನು ಬಳಸ ಹೊರಟರೆ ನೀವೇ ತಡೆಯಬೇಕು.

ಇದು ಬೇಕಾಗಿರುವುದು ಎರಡೇ ಕೆಲಸಕ್ಕೆ. ಒಂದು, ಯಾವ ಮಗುವಿಗೆ ಯಾವ ವಿಷಯದಲ್ಲಿ ವಿಶೇಷ ತರಗತಿ ಬೇಕು ಅಂತ ನೋಡುವಾಗ. ಈಗ ಪ್ರಶ್ನೆಪತ್ರಿಕೆ ಕಷ್ಟವಾದ ವಿಷಯಕ್ಕೆ ಅರ್ಧ ತರಗತಿಯನ್ನೇ ಸಂಜೆ ಕೂರಿಸುತ್ತೇವೆ. ಸುಲಭ ಪತ್ರಿಕೆಯಲ್ಲಿ 60 ತೆಗೆದು ನಿಜವಾಗಿ ಹಿಂದೆ ಬಿದ್ದ ಮಗು ಮನೆಗೆ ಹೋಗುತ್ತದೆ. ಎರಡು, ಹತ್ತನೆಯ ನಂತರ ಯಾವ ಕಡೆ ಹೋಗಬೇಕು ಅಂತ ಮನೆಯವರು ಕೂತು ಮಾತಾಡುವಾಗ.

ಆ ತಂದೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಹಂಗಾದ್ರೆ ಲೆಕ್ಕ ಇವಳಿಗೆ ಬರುತ್ತೆ ಅಂತೀರಾ ಮೇಡಂ?" ಅಂದರು. ಬರುತ್ತೆ ಅಂದೆ. ಆದರೆ ಒಂದೇ ಪರೀಕ್ಷೆ ನೋಡಿ ತೀರ್ಮಾನಿಸಬೇಡಿ, ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದಾಗ ಇನ್ನೊಮ್ಮೆ ಲೆಕ್ಕ ಹಾಕೋಣ, ಬನ್ನಿ ಅಂತಲೂ ಹೇಳಿದೆ. ಅಷ್ಟರೊಳಗೆ ನಿಮ್ಮ ಇಲಾಖೆಯಿಂದ ಹೊಸ ನಮೂನೆಯ ಅಂಕಪಟ್ಟಿ ಬಂದರೆ ಅವರು ನನ್ನನ್ನು ಹುಡುಕಿಕೊಂಡು ಬರಬೇಕಾಗಿಲ್ಲ.

ವಂದನೆಗಳೊಂದಿಗೆ,
ಒಬ್ಬ ಪ್ರೌಢಶಾಲಾ ಗಣಿತ ಶಿಕ್ಷಕಿ