ಗ್ಯಾದರಿಂಗಿಗೆ ಬಂದವರಿಗೂ, ಎರಡು ನಿಮಿಷದ ವಿಡಿಯೊಗೆ ಕೈ ಹಚ್ಚಿದವರಿಗೂ

ಶನಿವಾರ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ಮುಗಿಯಿತು. ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಶುರುವಾಗಿರಲಿಲ್ಲ. 2023ರ ಬರದಲ್ಲಿ ಊರವರ ಹತ್ತಿರ ಪಟ್ಟಿ ಎತ್ತಲು ಯಾರಿಗೂ ಮನಸ್ಸು ಬರಲಿಲ್ಲ. ಈ ಸಲ ಮಾಡಿದೆವು. ಅಂಗಳದಲ್ಲಿ ಕುರ್ಚಿ ಸಾಲದೆ ಜನ ಕಾಂಪೌಂಡಿನ ಮೇಲೂ ಕೂತರು. ಬಂದ ಎಲ್ಲರಿಗೂ ಕೈಮುಗಿಯುತ್ತೇನೆ.

ಗ್ಯಾದರಿಂಗಿಗೆ ಕರೆಯಲು ಈ ಸಲ ಪತ್ರಿಕೆಯ ಬದಲು ಒಂದು ಸಣ್ಣ ವಿಡಿಯೊ ಮಾಡಿ ಮಕ್ಕಳ ಮನೆಯವರ ಫೋನಿಗೆ ಕಳಿಸಿದ್ದೆವು. ಅದನ್ನು ನೋಡಿ ಕುಷ್ಟಗಿ ಕಡೆಯ ಒಂದಿಬ್ಬರು ಹೆಡ್‌ಮಾಸ್ತರ್‌ಗಳು ಫೋನ್ ಮಾಡಿ, "ಸರ, ಆ ಸ್ವಾಗತದ ವಿಡಿಯೊ ಹೆಂಗ್ ಮಾಡಿದ್ರಿ, ಬರೆದದ್ದು ಕಳಸ್ರಿ" ಅಂದರು. ಬರೆದದ್ದನ್ನು ಕೆಳಗೆ ಹಾಕಿದ್ದೇನೆ. ಆದರೆ ಅದರ ಒಂದೊಂದು ಸಾಲಿನ ಹಿಂದೆ ಒಬ್ಬೊಬ್ಬರು ಇದ್ದಾರೆ. ಅವರ ವಿಷಯ ಹೇಳದೆ ಬರೀ ಮಾತು ಕೊಟ್ಟರೆ ಪ್ರಯೋಜನ ಇಲ್ಲ. ಹಾಗಾಗಿ ಧನ್ಯವಾದವನ್ನೂ ಇದರಲ್ಲೇ ಸೇರಿಸಿದ್ದೇನೆ.

ನಮ್ಮದು ಮಳೆ ನಂಬಿದ ಊರು. ಕಡಲೆ ಕಿತ್ತ ಮೇಲೆ ಅರ್ಧ ಊರು ಗುಳೆ ಹೋಗುತ್ತದೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಮಂಗಳೂರಿನಲ್ಲಿ, ಗೋವಾದಲ್ಲಿ ಕೂಲಿ. ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಇರುತ್ತಾರೆ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದರೆ ಅದು ಗೂಡಿನಲ್ಲಿ ಸಿಕ್ಕಿಸಿಕೊಂಡು ಇರುತ್ತದೆ, ಓದುವವರು ಊರಲ್ಲಿ ಇರುವುದಿಲ್ಲ. ಫೋನ್ ಮಾತ್ರ ಎಲ್ಲ ಕಡೆ ಇದೆ. ವಿಡಿಯೊ ಮಾಡೋಣ ಅಂದದ್ದು ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು. ಅವರ ಮಗಳೇ ಬೆಂಗಳೂರಿನಲ್ಲಿ ಇದ್ದಾರೆ, ಮೊಮ್ಮಗ ನಮ್ಮ ಎರಡನೇ ತರಗತಿ.

ಮೊದಲು ಸ್ಟಾಫ್‌ರೂಮಿನಲ್ಲಿ ಕೂತು ಬರೆದದ್ದು ವೇದಿಕೆಯ ಸ್ವಾಗತ ಭಾಷಣವನ್ನೇ. ಘನ ಅಧ್ಯಕ್ಷತೆ, ದಿವ್ಯ ಸಾನ್ನಿಧ್ಯ, ಅತಿಥಿಗಳ ಹೆಸರು, ಶಾಲೆಯ ಇತಿಹಾಸ. ಓದಿ ನೋಡಿದರೆ ದಿನಾಂಕ ಬಂದದ್ದು ಮೂರನೇ ನಿಮಿಷಕ್ಕೆ. ನಮ್ಮ ಕನ್ನಡ ಟೀಚರ್ ಹಾಳೆ ಇಸಿದುಕೊಂಡು, "ಸರ, ಇದು ಸ್ಟೇಜ್ ಮೇಲೆ ಚೆಂದ ಐತಿ. ಫೋನಿನೊಳಗ ಯಾರು ಇಷ್ಟೊತ್ತು ಕೇಳ್ತಾರ್ರಿ?" ಅಂದರು. ಅವರ ಮಾತು ಖರೆ. ವೇದಿಕೆಯ ಮುಂದೆ ಕೂತವರು ಎದ್ದು ಹೋಗುವುದಿಲ್ಲ. ಫೋನ್ ಹಿಡಿದವರು ಒಬ್ಬರೇ ಇರುತ್ತಾರೆ, ಕೆಲಸದ ನಡುವೆ ಇರುತ್ತಾರೆ, ಹೆಬ್ಬೆರಳು ಆಡಿಸಿದರೆ ಮುಂದಿನದಕ್ಕೆ ಹೋಗಿಬಿಡುತ್ತಾರೆ. ಅತಿಥಿಗಳ ಹೆಸರನ್ನೆಲ್ಲ ಟೀಚರ್ ವೇದಿಕೆಗೇ ಬಿಟ್ಟರು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ನಾಲ್ಕೈದು ಮನೆಗೆ ಹೋಗಿ, "ಗ್ಯಾದರಿಂಗ್ ಅಂದ್ರ ನಿಮಗೇನು ಚಿಂತಿ?" ಅಂತ ಕೇಳಿಕೊಂಡು ಬಂದರು. ಶಾಲೆಯ ಸಾಧನೆ ಏನು ಅಂತ ಒಬ್ಬರೂ ಕೇಳಲಿಲ್ಲ. ಡ್ರೆಸ್ಸಿಗೆ ಎಷ್ಟು ರೊಕ್ಕ ಆಗುತ್ತದೆ? ನನ್ನ ಮಗಳು ಎಷ್ಟು ಗಂಟೆಗೆ ಕುಣಿಯುತ್ತಾಳೆ? ರಾತ್ರಿ ತಾಂಡಾಕ್ಕೆ ಹೆಣ್ಣುಮಕ್ಕಳು ಹೆಂಗೆ ಬರಬೇಕು? ಊಟ ಮಾಡಿಸಿ ಕಳಿಸಬೇಕಾ? ಇಷ್ಟೇ. ಈ ಪ್ರಶ್ನೆಗಳಿಗೆ ಉತ್ತರ ಬರೆದೆವು. ಸ್ಕ್ರಿಪ್ಟ್ ಅಂದರೆ ಅದೇ ಆಯಿತು:

"ನಮಸ್ಕಾರ ರೀ. ನಾನು ನಿಮ್ಮ ಊರ ಶಾಲೆಯ ಹೆಡ್‌ಮಾಸ್ತರ್. ಫೆಬ್ರವರಿ 7, ಶನಿವಾರ, ಸಂಜೆ 5 ಗಂಟೆಗೆ ಶಾಲೆಯ ಅಂಗಳದಲ್ಲಿ ಗ್ಯಾದರಿಂಗ್ ಇದೆ. ನೀವು ಬರಬೇಕು.

ನಿಮ್ಮ ಮಗು ವೇದಿಕೆ ಹತ್ತುತ್ತದೆ. ಒಂದನೇ ತರಗತಿಯಿಂದ ಏಳನೇ ತರಗತಿವರೆಗೆ ಒಂದು ಮಗುವನ್ನೂ ಬಿಟ್ಟಿಲ್ಲ. ಸಣ್ಣವರದು ಮೊದಲು. ಒಂದು, ಎರಡು, ಮೂರನೇ ತರಗತಿಯವರು ಆರೂವರೆ ಒಳಗೆ ಕುಣಿದು ಮುಗಿಸುತ್ತಾರೆ. ದೊಡ್ಡ ಮಕ್ಕಳ ನಾಟಕ ಏಳು ಗಂಟೆಗೆ. ಹೊಲದಿಂದ ಬರುವುದು ತಡವಾದರೂ ನಾಟಕ ಸಿಗುತ್ತದೆ.

ಬಟ್ಟೆಗೆ ಅಂತ ರೊಕ್ಕ ಖರ್ಚು ಮಾಡಬೇಡಿ. ಮನೆಯಲ್ಲಿರುವ ಸೀರೆ, ಧೋತರ, ಟವೆಲ್ ಸಾಕು. ಇಲ್ಲದಿದ್ದರೆ ಟೀಚರಿಗೆ ಹೇಳಿ, ಶಾಲೆಯಲ್ಲಿ ಇದೆ. ಊಟ ಶಾಲೆಯಲ್ಲೇ. ಎಂಟೂವರೆಗೆ ಮುಗಿಸುತ್ತೇವೆ. ತಾಂಡಾದ ಮಕ್ಕಳನ್ನು ಟಂಟಂನಲ್ಲಿ ಮನೆ ಬಾಗಿಲಿಗೆ ಬಿಡುತ್ತೇವೆ. ಜೊತೆಗೆ ಒಬ್ಬ ಟೀಚರ್ ಇರುತ್ತಾರೆ.

ಅಜ್ಜ, ಅಜ್ಜಿ, ಮಗುವಿನ ಅಪ್ಪ-ಅವ್ವ ಊರಲ್ಲಿ ಇಲ್ಲದಿದ್ದರೆ ನೀವೇ ಬರ್ರಿ. ಮುಂದಿನ ಸಾಲಿನ ಕುರ್ಚಿ ನಿಮಗೇ.

ಬೆಂಗಳೂರು, ಮಂಗಳೂರು, ಗೋವಾದಲ್ಲಿ ದುಡಿಯುತ್ತಿರುವ ಅಪ್ಪ-ಅವ್ವಂದಿರೇ, ಬರಲು ಆಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಗುವಿನ ಕುಣಿತದ ವಿಡಿಯೊ ನಿಮ್ಮ ಫೋನಿಗೆ ಕಳಿಸುತ್ತೇವೆ. ಮಗುವಿಗೆ ಏನಾದರೂ ಹೇಳುವುದಿದ್ದರೆ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕ್ಲಾಸ್ ಟೀಚರಿಗೆ ಕಳಿಸಿ. ವೇದಿಕೆ ಹತ್ತುವ ಮುಂಚೆ ಕೇಳಿಸುತ್ತೇವೆ.

ಫೆಬ್ರವರಿ 7, ಶನಿವಾರ, ಸಂಜೆ 5 ಗಂಟೆ. ಶಾಲೆಯಲ್ಲಿ ಸಿಗೋಣ."

ನಿಧಾನವಾಗಿ ಓದಿದರೆ ಎರಡು ನಿಮಿಷದ ಒಳಗೇ ಮುಗಿಯುತ್ತದೆ. ಕನ್ನಡದ ಪದ ಉದ್ದ. ಕೇಳುವವರಿಗೆ ತಿಳಿಯುವ ಹಾಗೆ ಓದಿದರೆ ನಿಮಿಷಕ್ಕೆ ತೊಂಬತ್ತು, ನೂರು ಪದದ ಮೇಲೆ ಹೋಗಬಾರದು ಅನ್ನುವುದು ನನ್ನ ಲೆಕ್ಕ. ದಿನಾಂಕ ಎರಡು ಸಲ ಇದೆ ನೋಡಿ. ಮೊದಲನೆಯದು ಅರ್ಧಕ್ಕೆ ನಿಲ್ಲಿಸುವವರಿಗೆ, ಎರಡನೆಯದು ಪೂರ್ತಿ ಕೇಳಿ ಮರೆತವರಿಗೆ. "ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ಪ್ರಸ್ತುತಪಡಿಸಲಿದ್ದಾರೆ" ಅಂತ ಒಂದು ಸಾಲು ಇತ್ತು. ಜೋರಾಗಿ ಓದುವಾಗ ನನ್ನದೇ ಉಸಿರು ಸಿಕ್ಕಿಕೊಂಡಿತು. ಹಾಳೆ ನೋಡಿ ಓದಿದಾಗ ಸಲೀಸಾಗಿರುವ ಮಾತು ಬಾಯಲ್ಲಿ ಹಾಗಿರುವುದಿಲ್ಲ. ಎಲ್ಲಿ ಎಡವುತ್ತೀರೋ ಆ ಪದವನ್ನು ತೆಗೆದುಬಿಡಿ.

ಈಗ ಸಾಲಿನ ಹಿಂದಿನವರು. ವಿಡಿಯೊದಲ್ಲಿ ಒಂದು ಮಾತು ಕೊಟ್ಟರೆ ಅದು ಗ್ರೂಪಿನಿಂದ ಗ್ರೂಪಿಗೆ ಹೋಗುತ್ತದೆ, ವಾಪಸ್ ತರುವುದಕ್ಕೆ ಬರುವುದಿಲ್ಲ. ಆದ್ದರಿಂದ ಕೆಲಸ ಗಟ್ಟಿ ಆಗುವವರೆಗೆ ಸಾಲು ಬರೆಯಬಾರದು ಅಂತ ಮಾಡಿಕೊಂಡಿದ್ದೆವು.

"ಟಂಟಂನಲ್ಲಿ ಬಿಡುತ್ತೇವೆ" ಅನ್ನುವ ಸಾಲು ಬಹಳ ದಿನ ಖಾಲಿ ಇತ್ತು. ತಾಂಡಾದ ಟಂಟಂ ಅಣ್ಣ ರಾತ್ರಿ ಎಂಟೂವರೆಗೆ ಗಾಡಿ ಶಾಲೆಯ ಮುಂದೆ ನಿಲ್ಲಿಸುತ್ತೇನೆ ಅಂದ ಮೇಲೆ ಬರೆದೆವು. ಆತ ಡೀಸೆಲ್ ದುಡ್ಡು ಬಿಟ್ಟು ಬೇರೆ ಮುಟ್ಟಲಿಲ್ಲ. ಎರಡು ಸುತ್ತು ಹೊಡೆದ. ಎರಡೂ ಸಲ ಜೊತೆಗೆ ಹೋದ ನಮ್ಮ ನಲಿಕಲಿ ಟೀಚರಿಗೂ ಋಣಿ. ಈ ಒಂದು ಸಾಲು ಇರದಿದ್ದರೆ ತಾಂಡಾದ ದೊಡ್ಡ ಹುಡುಗಿಯರು ನಾಟಕದಲ್ಲಿ ಇರುತ್ತಿರಲಿಲ್ಲ. ಪ್ರಾಕ್ಟೀಸಿಗೆ ಬರುತ್ತಿದ್ದವರನ್ನು ಮನೆಯಲ್ಲಿ ಬಿಡಿಸಿ ಬಿಟ್ಟಿದ್ದರು. ವಿಡಿಯೊ ನೋಡಿದ ಮರುದಿನ ಬೆಳಿಗ್ಗೆ ಅವರಲ್ಲಿ ಒಬ್ಬಳ ಅಜ್ಜ ಶಾಲೆಗೆ ಬಂದು, "ಟೀಚರ್ ಕೂಡ ಬರೋದು ಖರೆ ಏನ್ರಿ?" ಅಂತ ಕೇಳಿದರು. ಖರೆ ಅಂದೆ. ಮಧ್ಯಾಹ್ನ ಹುಡುಗಿ ಪ್ರಾಕ್ಟೀಸಿನಲ್ಲಿ ಇದ್ದಳು.

"ಊಟ ಶಾಲೆಯಲ್ಲೇ" ಅನ್ನುವುದಕ್ಕೆ ಬಿಸಿಯೂಟದ ಅಕ್ಕಿ ಬೇಳೆ ಮುಟ್ಟುವ ಹಾಗಿಲ್ಲ, ಅದು ಮಕ್ಕಳ ಮಧ್ಯಾಹ್ನದ ಲೆಕ್ಕ. ಊರಿನ ಮನೆಮನೆಯಿಂದ ರೊಟ್ಟಿ ಬಂತು. ಬದನೆಕಾಯಿ ಪಲ್ಯ, ಅನ್ನ, ಸಾರು ಮಾಡಿದ್ದು ನಮ್ಮ ಅಡುಗೆಯ ಅಕ್ಕಂದಿರು, ತಮ್ಮ ಕೆಲಸದ ಹೊತ್ತಿನ ಆಚೆಗೆ. ಗೋಧಿ ಹುಗ್ಗಿಗೆ ಬೆಲ್ಲ ಕೊಟ್ಟವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಸೀರೆ ಸಾಲ ಕೊಟ್ಟ ತಾಯಂದಿರಿಗೆ ಮಕ್ಕಳ ಪರವಾಗಿ ಶರಣು. ಇಳಕಲ್ ಸೀರೆ ಉಟ್ಟ ಮೂರನೇ ತರಗತಿಯವರು ಎಡವದೆ ಕುಣಿದರಲ್ಲ, ಅದು ಪಿನ್ ಹಾಕಿದವರ ಪುಣ್ಯ.

ಚಿತ್ರೀಕರಣ ಅಂತ ದೊಡ್ಡದೇನೂ ಇಲ್ಲ. ನಮ್ಮ ಶಾಲೆಯಲ್ಲೇ ಓದಿ ಈಗ ಕೊಪ್ಪಳದಲ್ಲಿ ಡಿಗ್ರಿ ಮಾಡುತ್ತಿರುವ ಹುಡುಗ ಬಂದು ತೆಗೆದುಕೊಟ್ಟ. ಎಂಟು ಗಂಟೆಯ ಬೆಳಕಿನಲ್ಲಿ ಬೇವಿನ ಮರದ ನೆರಳಿಗೆ ನಿಲ್ಲಿಸಿದ, ಮುಖ ಬೆಳಕಿನ ಕಡೆಗೆ. ನೋಡುವವರು ಫೋನಿನಲ್ಲೇ ನೋಡುತ್ತಾರೆ ಅಂತ ಫೋನನ್ನು ಉದ್ದಕ್ಕೇ ಹಿಡಿದ. ಮಾತಿಗೆ ಮಾತ್ರ ಇನ್ನೊಂದು ಫೋನನ್ನು ನನ್ನ ಅಂಗಿಯ ಜೇಬಿನಲ್ಲಿ ಇಟ್ಟು ರೆಕಾರ್ಡ್ ಮಾಡಿದ. ನಮ್ಮ ಬಯಲಿನಲ್ಲಿ ಗಾಳಿ ಜಾಸ್ತಿ. ದೂರದ ಫೋನಿನಲ್ಲಿ ಬರೀ ಬುಸುಬುಸು ಕೇಳುತ್ತದೆ. ಶುರುವಿಗೆ ಒಂದು ಚಪ್ಪಾಳೆ ಹೊಡೆಸಿದ, ಆ ಸದ್ದು ಹಿಡಿದು ಎರಡನ್ನೂ ಕೂಡಿಸಿದ. ಸ್ಕ್ರಿಪ್ಟನ್ನು ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಮೆರಾದ ಕಣ್ಣಿಗೆ ಒತ್ತಿ ಹಿಡಿದವರು ಏಳನೇ ತರಗತಿಯ ಇಬ್ಬರು. ಸ್ವಲ್ಪ ಪಕ್ಕಕ್ಕೆ ಹಿಡಿದರೂ ಸಾಕು, ನನ್ನ ಕಣ್ಣು ಕಳ್ಳನ ಕಣ್ಣಿನ ಹಾಗೆ ಆಚೀಚೆ ಓಡುವುದು ಕಾಣುತ್ತಿತ್ತು.

ಆ ಹುಡುಗ ಹೇಳಿದ ಒಂದು ಉಪಾಯವನ್ನು ಉಳಿದ ಶಾಲೆಯವರು ತಪ್ಪದೆ ಮಾಡಿ. ಒಂದೊಂದು ಪ್ಯಾರಾವನ್ನು ಬೇರೆ ಬೇರೆಯಾಗಿ ತೆಗೆದ. ದಿನಾಂಕದ್ದು ಬೇರೆ, ಊಟದ್ದು ಬೇರೆ. ಊರಲ್ಲಿ ಏನಾದರೂ ಆಗಿ ಗ್ಯಾದರಿಂಗ್ ಮುಂದೆ ಹೋದರೆ ಆ ತುಂಡು ಮಾತ್ರ ಹೊಸದಾಗಿ ತೆಗೆದರೆ ಆಯಿತು. ಅದಕ್ಕಾಗಿ ಅದೇ ಅಂಗಿ, ಅದೇ ಮರ, ಅದೇ ಹೊತ್ತು ನೆನಪಿಟ್ಟುಕೊಳ್ಳಬೇಕು. ಹಾಗೆಯೇ ಮಕ್ಕಳ ಮುಖ ಈ ವಿಡಿಯೊದಲ್ಲಿ ಹಾಕಲಿಲ್ಲ. ಎಲ್ಲಿಗೆಲ್ಲ ಹೋಗುತ್ತದೋ ಗೊತ್ತಿಲ್ಲದ ವಿಡಿಯೊ ಅದು. ಗೆಜ್ಜೆ ಕಟ್ಟಿಕೊಂಡ ಕಾಲು, ಬಣ್ಣದ ಕಾಗದ ಕತ್ತರಿಸುವ ಕೈ, ಇಷ್ಟನ್ನು ನನ್ನ ಮಾತಿನ ನಡುವೆ ತೋರಿಸಿದೆವು. ಸದ್ದು ಬಂದ್ ಮಾಡಿ ನೋಡುವವರಿಗೆ ದಿನಾಂಕ, ಹೊತ್ತು ಪರದೆಯ ಮೇಲೆ ಅಕ್ಷರದಲ್ಲೂ ಬಂತು.

ಕಳಿಸಿದ್ದು ರಾತ್ರಿ ಎಂಟಕ್ಕೆ, ತರಗತಿಯ ಗ್ರೂಪುಗಳಲ್ಲಿ. ಕಟ್ಟಡದ ಕೆಲಸದವರು ಆ ಹೊತ್ತಿಗೆ ಶೆಡ್ಡಿಗೆ ಬಂದು ಒಲೆ ಹಚ್ಚಿರುತ್ತಾರೆ. ಫೋನ್ ಇಲ್ಲದ ಮನೆಗಳಿಗೆ ಎಸ್‌ಡಿಎಂಸಿಯ ಸದಸ್ಯೆಯರು ಹೋಗಿ ತಮ್ಮ ಫೋನಿನಲ್ಲೇ ತೋರಿಸಿದರು. ಅಜ್ಜಿಯರ ಸಾಲು ತುಂಬಿದ್ದಕ್ಕೆ ನನ್ನ ಮಾತಿಗಿಂತ ಅವರ ಓಡಾಟವೇ ಕಾರಣ. "ಯುಗಾದಿಗೆ ಊರಿಗೆ ಬರ್ತೀವಿ, ಆವಾಗ್ಯಾಕ ಮಾಡಲಿಲ್ರಿ?" ಅಂತ ಗೋವಾದಿಂದ ಒಬ್ಬರು ಜಗಳ ತೆಗೆದರು. ನ್ಯಾಯವಾದ ಮಾತೇ. ಆದರೆ ಆ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ.

ದೂರದಿಂದ ದನಿ ಕಳಿಸಿದ ಅಪ್ಪ-ಅವ್ವಂದಿರಿಗೆ ಬೇರೆಯಾಗಿಯೇ ಹೇಳಬೇಕು. ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದವು. ಮೈಕಿನಲ್ಲಿ ಹಾಕದೆ ಪರದೆಯ ಹಿಂದೆ ಒಬ್ಬೊಬ್ಬ ಮಗುವಿನ ಕಿವಿಗೆ ಫೋನ್ ಹಿಡಿದೆವು. ಒಬ್ಬ ಅಪ್ಪ ಬರೀ "ಹೆದರಬ್ಯಾಡ, ಕುಣಿ" ಅಂದಿದ್ದ. ಇನ್ನೊಬ್ಬ ತಾಯಿ ಮನೆಯ ಎಮ್ಮೆ ಹಾಲು ಕೊಡುತ್ತಿದೆಯಾ ಅಂತ ಕೇಳಿ, ಕುಣಿತದ ವಿಷಯ ಮರೆತೇ ಬಿಟ್ಟಿದ್ದರು. ಮಗು ಉತ್ತರ ಹೇಳಿಯೇ ವೇದಿಕೆಗೆ ಹೋಯಿತು. ಆ ಉತ್ತರವನ್ನೂ ರೆಕಾರ್ಡ್ ಮಾಡಿ ತಾಯಿಗೆ ಕಳಿಸಿದ್ದೇವೆ.

ಕುಣಿತದ ವಿಡಿಯೊಗಳನ್ನು ಕ್ಲಾಸ್ ಟೀಚರ್‌ಗಳು ಒಂದೊಂದಾಗಿ ಕಳಿಸುತ್ತಿದ್ದಾರೆ. ಯಾರಿಗೆ ಇನ್ನೂ ಬಂದಿಲ್ಲವೋ ಅವರು ಭಾನುವಾರದವರೆಗೆ ತಾಳಿ, ಆಮೇಲೂ ಬರದಿದ್ದರೆ ನನಗೇ ಫೋನ್ ಮಾಡಿ. ಖರ್ಚಿನ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದ್ದೇವೆ. ಸಾಲ ತಂದ ಸೀರೆಗಳನ್ನು ಒಗೆದು ಇಟ್ಟಿದೆ, ಒಂದು ಹಸಿರು ಇಳಕಲ್ ಯಾರದು ಅಂತ ಗೊತ್ತಾಗಿಲ್ಲ. ಸೆರಗಿನ ಅಂಚು ಹೇಗಿದೆ ಅಂತ ಹೇಳಿ ಆಫೀಸಿನಿಂದ ತೆಗೆದುಕೊಂಡು ಹೋಗಿ.